ಪೆನ್ಸಿಲ್ಲಿನಲ್ಲಿ ಬರೆದ ದಿನಾಂಕ ಯಾರದು?

ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ಎಲ್ಲಿಯೇ ಆಗಲಿ, ನಮ್ಮವರು ಕಟ್ಟಿಕೊಂಡ ಸಭಾಭವನದ ಕಚೇರಿಯ ಮೇಜಿನ ಮೇಲೆ ಒಂದು ದೊಡ್ಡ ದಿನಚರಿ ಇರುತ್ತದೆ. ಅದರಲ್ಲಿ ಎರಡು ಬಗೆಯ ಬರಹಗಳಿರುತ್ತವೆ. ಶಾಯಿಯಲ್ಲಿ ಬರೆದದ್ದು ಹಣ ಕಟ್ಟಿದವರ ಹೆಸರು. ಪೆನ್ಸಿಲ್ಲಿನಲ್ಲಿ ಬರೆದದ್ದು ‘ಸದ್ಯಕ್ಕೆ ಹಿಡಿದಿಡಿ’ ಎಂದು ಹೇಳಿ ಹೋದವರ ಹೆಸರು. ಮೊದಲನೆಯದು ಖಚಿತ ಬುಕಿಂಗ್. ಎರಡನೆಯದು ತಾತ್ಕಾಲಿಕ ಹೋಲ್ಡ್. ಶಾಯಿಯ ಬರಹದ ಕುರಿತು ಜಗಳಗಳು ಹುಟ್ಟುವುದು ವಿರಳ. ಕಲಹಗಳೆಲ್ಲ ಪೆನ್ಸಿಲ್ಲಿನದು. ಆದರೂ ನಮ್ಮ ಟ್ರಸ್ಟುಗಳ ನಿಯಮಾವಳಿಗಳು ಶಾಯಿಯ ಬಗ್ಗೆ ಪುಟಗಟ್ಟಲೆ ಹೇಳಿ, ಪೆನ್ಸಿಲ್ಲಿನ ಬಗ್ಗೆ ಮೌನ ವಹಿಸುತ್ತವೆ. ಹಿಡಿದಿಟ್ಟ ದಿನಾಂಕ ಎಂದು, ಎಷ್ಟು ಗಂಟೆಗೆ, ಯಾರ ಅಪ್ಪಣೆಯಿಲ್ಲದೆ ತಾನಾಗಿಯೇ ಬಿಡುಗಡೆಯಾಗುತ್ತದೆ ಎಂಬ ಒಂದು ವಾಕ್ಯ ಬಹುತೇಕ ಕಡೆಗಳಲ್ಲಿ ಬರೆದಿರುವುದಿಲ್ಲ. ಆ ಒಂದು ವಾಕ್ಯವನ್ನು ಬರೆಯಿಸಿಕೊಳ್ಳಬೇಕು ಎಂಬುದೇ ಈ ಲೇಖನದ ವಾದ.

ಹೋಲ್ಡ್ ಎಂಬುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಮದುವೆಯ ಮಾತುಕತೆ ಒಂದೇ ಮನೆಯಲ್ಲಿ ಮುಗಿಯುವಂಥದ್ದಲ್ಲ. ಹೆಣ್ಣಿನವರು ಪುಣೆಯಲ್ಲಿ, ಗಂಡಿನವರು ಬೆಳಗಾವಿಯಲ್ಲಿ, ಹಿರಿಯರೊಬ್ಬರು ಮೂಡುಬಿದಿರೆಯಲ್ಲಿ ಇರುತ್ತಾರೆ. ಮುಹೂರ್ತವನ್ನು ಪುರೋಹಿತರು ನೋಡಿ ಹೇಳಬೇಕು, ಎರಡೂ ಕಡೆಯವರು ಒಪ್ಪಬೇಕು, ಆಮೇಲೆ ಭವನ. ಆದರೆ ಭವನ ಸಿಗುವುದಿಲ್ಲವೆಂದಾದರೆ ಮುಹೂರ್ತವನ್ನೇ ಬದಲಿಸಬೇಕಾಗುತ್ತದೆ. ಹೀಗಾಗಿ ಭವನವನ್ನು ಕೆಲವು ದಿನ ಹಿಡಿದಿಟ್ಟುಕೊಂಡು ಉಳಿದ ಮಾತನ್ನು ಮುಗಿಸುವ ಅವಕಾಶ ಬೇಕೇ ಬೇಕು. ಹೋಲ್ಡ್ ಇರುವುದು ಈ ಮಾತುಕತೆಗೆ ಉಸಿರಾಡಲು ಸಮಯ ಕೊಡುವುದಕ್ಕೆ. ಆ ಸಮಯಕ್ಕೆ ಕೊನೆಯೊಂದು ಇಲ್ಲದಾಗ ಅದು ಸೌಲಭ್ಯವಾಗಿ ಉಳಿಯದೆ ಸ್ವಾಧೀನವಾಗುತ್ತದೆ.

ಖರ್ಚಿಲ್ಲದ ಹಕ್ಕಿನ ಖರ್ಚನ್ನು ಯಾರು ತೆರುತ್ತಾರೆ

ಹಣ ಕೊಡದೆ, ಗಡುವಿಲ್ಲದೆ ದಿನಾಂಕವನ್ನು ಹಿಡಿದಿಡಬಹುದಾದರೆ ವಿವೇಕವುಳ್ಳ ಯಾವ ಕುಟುಂಬವಾದರೂ ಏನು ಮಾಡುತ್ತದೆ? ಮೂರು ಭವನಗಳಲ್ಲಿ, ಎರಡೆರಡು ದಿನಾಂಕಗಳನ್ನು ಹಿಡಿದಿಡುತ್ತದೆ. ಅದರಲ್ಲಿ ಒಂದನ್ನು ಬಳಸಿ ಉಳಿದ ಐದನ್ನು ಮರೆತುಬಿಡುತ್ತದೆ. ಇದರಲ್ಲಿ ಅವರ ದುರುದ್ದೇಶವೇನೂ ಇಲ್ಲ. ಬಿಟ್ಟುಕೊಟ್ಟೆವೆಂದು ಫೋನು ಮಾಡಿ ತಿಳಿಸಲು ಅವರಿಗೆ ಕಾರಣವೇ ಇಲ್ಲ. ಮದುವೆಯ ದಿನಗಳು ವರ್ಷದಲ್ಲಿ ಹಂಚಿಹೋಗಿರುವುದೂ ಇಲ್ಲ. ಚಾತುರ್ಮಾಸದಲ್ಲಿ ವಿವಾಹಗಳು ವಿರಳ. ಉಳಿದ ತಿಂಗಳುಗಳಲ್ಲಿ ಪಂಚಾಂಗ ಕೊಡುವ ಮುಹೂರ್ತ, ಮಕ್ಕಳ ಶಾಲೆಯ ರಜೆ, ಊರಿನಿಂದ ಬರುವ ನಂಟರಿಗೆ ಅನುಕೂಲವಾದ ಶನಿವಾರ ಭಾನುವಾರ, ಈ ಮೂರೂ ಕೂಡಿಬರುವ ದಿನಗಳು ಕೆಲವೇ. ಎಲ್ಲರೂ ಕೇಳುವುದು ಆ ಕೆಲವೇ ದಿನಗಳನ್ನು.

ಹೀಗೆ ಹಿಡಿದಿಟ್ಟದ್ದರ ಬೆಲೆಯನ್ನು ತೆರುವವರು ಎರಡನೆಯದಾಗಿ ಬಂದು ಕೇಳುವ ಕುಟುಂಬ. ‘ಆ ದಿನ ಹೋಗಿದೆ’ ಎಂಬ ಒಂದು ಮಾತನ್ನು ಕೇಳಿ ಅವರು ಹಿಂತಿರುಗುತ್ತಾರೆ. ದಿನ ಹೋಗಿದ್ದು ಶಾಯಿಯಲ್ಲೋ ಪೆನ್ಸಿಲ್ಲಿನಲ್ಲೋ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಟ್ರಸ್ಟಿಗಳ ಪರಿಚಯವುಳ್ಳವರಾದರೆ ಒಂದು ಫೋನು ಮಾಡಿ ವಿಚಾರಿಸುತ್ತಾರೆ. ಪೆನ್ಸಿಲ್ ಬರಹ ಅಳಿಸಿ ಅವರ ಹೆಸರು ಏರುತ್ತದೆ. ಪರಿಚಯವಿಲ್ಲದವರು, ಹೆಚ್ಚಾಗಿ ಹೊಸದಾಗಿ ಈ ನಗರಕ್ಕೆ ಬಂದು ಬಾಡಿಗೆ ಮನೆಯಲ್ಲಿರುವವರು, ಹೊರಗಿನ ವಾಣಿಜ್ಯ ಮಂಟಪಕ್ಕೆ ಹೋಗಿ ಹೆಚ್ಚು ಬಾಡಿಗೆ ತೆರುತ್ತಾರೆ. ಸಮಾಜದ ದೇಣಿಗೆಯಿಂದ ಕಟ್ಟಿದ ಭವನ ಯಾರಿಗಾಗಿ ಕಟ್ಟಿದ್ದೋ ಅವರಿಗೇ ಸಿಗದಂತಾಗುವುದು ಹೀಗೆ. ಗಡುವಿಲ್ಲದ ಹೋಲ್ಡ್ ಟ್ರಸ್ಟಿಗಳ ಕೈಯಲ್ಲಿ ಒಂದು ಅಘೋಷಿತ ಅಧಿಕಾರವನ್ನು ಇಡುತ್ತದೆ. ಯಾರ ಪೆನ್ಸಿಲ್ ಬರಹ ಉಳಿಯಬೇಕು, ಯಾರದು ಅಳಿಯಬೇಕು ಎಂಬುದನ್ನು ಅವರು ಮನಸ್ಸಿಗೆ ಬಂದಂತೆ ನಿರ್ಧರಿಸಬಹುದು, ಮತ್ತು ಅದರ ಗುರುತೂ ಉಳಿಯುವುದಿಲ್ಲ. ಗಡುವಿನ ವಿರುದ್ಧ ಎದ್ದೇಳುವ ಆಕ್ಷೇಪಗಳ ಹಿಂದೆ ಎಷ್ಟೋ ವೇಳೆ ಇರುವುದು ಈ ಅಧಿಕಾರವೇ.

ಲೆಕ್ಕಪರಿಶೋಧಕನಾಗಿ ನನಗೆ ಇನ್ನೊಂದು ಸಂಗತಿ ಕಾಣುತ್ತದೆ. ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರುವುದಿಲ್ಲ. ಬಂದ ಬಾಡಿಗೆ ಆದಾಯದ ಪಟ್ಟಿಯಲ್ಲಿರುತ್ತದೆ. ಬರಬಹುದಾಗಿದ್ದು ಬಾರದೆ ಹೋದ ಬಾಡಿಗೆಗೆ ಯಾವ ಖಾತೆಯೂ ಇಲ್ಲ. ಮೇ ತಿಂಗಳ ಒಂದು ಭಾನುವಾರ ಭವನ ಖಾಲಿ ಉಳಿದರೆ ವಾರ್ಷಿಕ ವರದಿ ಅದನ್ನು ‘ಬೇಡಿಕೆ ಇರಲಿಲ್ಲ’ ಎಂದೇ ಓದುತ್ತದೆ. ಅದೇ ಭಾನುವಾರಕ್ಕಾಗಿ ನಾಲ್ಕು ಕುಟುಂಬಗಳು ಬಂದು ಹಿಂತಿರುಗಿದ್ದವು ಎಂಬುದು ವ್ಯವಸ್ಥಾಪಕರ ನೆನಪಿನಲ್ಲಿ ಮಾತ್ರ ಇರುತ್ತದೆ.

ಕಾನೂನು ಏನನ್ನು ಹೇಳುತ್ತದೆ

ಈ ವಿಷಯದಲ್ಲಿ ನಮ್ಮ ಹಳೆಯ ಕಾನೂನು ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿದೆ. 1872ರ ಭಾರತೀಯ ಕರಾರು ಕಾಯಿದೆಯ ದೃಷ್ಟಿಯಲ್ಲಿ ಹೋಲ್ಡ್ ಎಂಬುದು ಭವನದವರು ಮುಂದಿಟ್ಟ ಒಂದು ಪ್ರಸ್ತಾಪ: ‘ಈ ದಿನ, ಈ ಬಾಡಿಗೆಗೆ ಭವನವನ್ನು ಕೊಡಲು ಸಿದ್ಧರಿದ್ದೇವೆ.’ ಕುಟುಂಬದವರು ಅದನ್ನು ಒಪ್ಪಿಕೊಂಡಾಗ ಅದು ಕರಾರಾಗುತ್ತದೆ. ಒಪ್ಪಿಗೆಗೆ ಕಾಲವನ್ನು ಗೊತ್ತುಪಡಿಸಿದ್ದರೆ ಆ ಕಾಲ ಮುಗಿದೊಡನೆ ಪ್ರಸ್ತಾಪ ರದ್ದಾಗುತ್ತದೆ ಎಂದು ಕಾಯಿದೆಯ 6ನೆಯ ಕಲಮು ಹೇಳುತ್ತದೆ. ಕಾಲವನ್ನು ಗೊತ್ತುಪಡಿಸದಿದ್ದರೆ ‘ಯುಕ್ತ ಕಾಲ’ ಮುಗಿದ ಮೇಲೆ ರದ್ದಾಗುತ್ತದೆ. ಯುಕ್ತ ಕಾಲ ಎಂದರೆ ಎಷ್ಟು ದಿನ? ಅಲ್ಲಿಂದಲೇ ಜಗಳ ಮೊದಲು. ಹಿಡಿದಿಟ್ಟವರು ಎರಡು ತಿಂಗಳೆನ್ನುತ್ತಾರೆ, ಕಾಯುತ್ತಿರುವವರು ಎರಡು ದಿನವೆನ್ನುತ್ತಾರೆ. ಚೀಟಿಯಲ್ಲಿ ದಿನವನ್ನೂ ಗಂಟೆಯನ್ನೂ ಬರೆದುಬಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ.

7ನೆಯ ಕಲಮಿನಲ್ಲಿ ಇದರ ಇನ್ನೊಂದು ಅರ್ಧವಿದೆ. ಒಪ್ಪಿಗೆಯನ್ನು ಇಂಥ ರೀತಿಯಲ್ಲಿಯೇ ತಿಳಿಸಬೇಕೆಂದು ಪ್ರಸ್ತಾಪದಲ್ಲಿ ಹೇಳಿದ್ದರೆ, ಆ ರೀತಿಯಲ್ಲಿಯೇ ಆಗಬೇಕೆಂದು ಒತ್ತಾಯಿಸುವ ಹಕ್ಕು ಪ್ರಸ್ತಾಪಿಸಿದವರಿಗಿದೆ. ಆದ್ದರಿಂದ ‘ಟ್ರಸ್ಟಿನ ಬ್ಯಾಂಕ್ ಖಾತೆಗೆ ಇಷ್ಟು ಮೊತ್ತ ಜಮೆಯಾಗುವುದೇ ಒಪ್ಪಿಗೆ, ಮಾತಿನ ಭರವಸೆ ಒಪ್ಪಿಗೆಯಲ್ಲ’ ಎಂದು ಚೀಟಿಯಲ್ಲಿರಬೇಕು. ಇನ್ನು, ಪ್ರತಿಫಲವಿಲ್ಲದ ಒಪ್ಪಂದ ಸಾಮಾನ್ಯವಾಗಿ ಅಸಿಂಧು ಎಂಬುದು 25ನೆಯ ಕಲಮು. ಹಣವನ್ನೇ ಪಡೆಯದೆ ಕೊಟ್ಟ ‘ಹಿಡಿದಿಡುತ್ತೇವೆ’ ಎಂಬ ಮಾತಿಗೆ ಕಾನೂನಿನ ಬಲ ಕಡಿಮೆ. ಅಂದರೆ ಪೆನ್ಸಿಲ್ ಬರಹದ ಮೇಲೆ ಯಾರಿಗೂ ಹಕ್ಕು ಹುಟ್ಟಿರುವುದಿಲ್ಲ. ಹಕ್ಕಿಲ್ಲದವರನ್ನು ಹಕ್ಕುಳ್ಳವರೆಂದು ತಿಳಿದು ಕಾಯುವವರನ್ನು ಹೊರಗೆ ಕಳಿಸುತ್ತಿರುವುದು ನಮ್ಮ ರೂಢಿ.

ಒಂದು ದಿನಾಂಕದ ಕಥೆ

ವಿಷಯ ಹೇಗೆ ನಡೆಯಬೇಕೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಅಂಕಿಗಳನ್ನು ವಿವರಣೆಗಾಗಿ ನಾನೇ ಇಟ್ಟುಕೊಂಡಿದ್ದೇನೆ. ಒಂದು ಭವನದ ದಿನದ ಬಾಡಿಗೆ 60,000 ರೂಪಾಯಿ. ಟ್ರಸ್ಟು ಜಿಎಸ್‌ಟಿ ನೋಂದಣಿ ಪಡೆದಿದೆ. ತೆರಿಗೆ ಶೇಕಡಾ 18, ಅಂದರೆ 10,800. ಒಟ್ಟು 70,800. ಅರ್ಧ ಮುಂಗಡ ಕಟ್ಟಿದರೆ ಬುಕಿಂಗ್ ಖಚಿತ, ಮುಂಗಡ 35,400. ಒಂದು ಕುಟುಂಬ ಜನವರಿ 5ರಂದು ಬಂದು ಮೇ 10ರ ಭಾನುವಾರವನ್ನು ಕೇಳುತ್ತದೆ. ಸಮಾರಂಭಕ್ಕೆ ಇನ್ನು 125 ದಿನಗಳಿವೆ.

ಹಳೆಯ ರೂಢಿಯಲ್ಲಿ ಏನಾಗುತ್ತಿತ್ತು? ಪೆನ್ಸಿಲ್ಲಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಜನವರಿ 8ರಂದು ಬಂದ ಎರಡನೆಯ ಕುಟುಂಬವನ್ನೂ, ಫೆಬ್ರವರಿಯಲ್ಲಿ ಬಂದ ಮೂರನೆಯವರನ್ನೂ ಹಿಂದೆ ಕಳಿಸುತ್ತಿದ್ದರು. ಮಾರ್ಚ್ ಕೊನೆಗೆ ವ್ಯವಸ್ಥಾಪಕರು ಫೋನು ಮಾಡಿದಾಗ ‘ನಾವು ಊರಲ್ಲೇ ಮಾಡೋದು ಅಂತ ತೀರ್ಮಾನ ಆಯ್ತಲ್ಲ’ ಎಂಬ ಉತ್ತರ ಬರುತ್ತಿತ್ತು. ಅಷ್ಟು ಹೊತ್ತಿಗೆ ಎರಡನೆಯವರು ಬೇರೆಡೆ ಮುಂಗಡ ಕಟ್ಟಿ, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿರುತ್ತಾರೆ. ಮೇ 10ರಂದು ಭವನಕ್ಕೆ ಬೀಗ. ಟ್ರಸ್ಟಿಗೆ 60,000 ಇಲ್ಲ. ಎರಡನೆಯ ಕುಟುಂಬಕ್ಕೆ ವಾಣಿಜ್ಯ ಮಂಟಪದ ಹೆಚ್ಚಿನ ಖರ್ಚು. ಮೊದಲನೆಯವರಿಗೆ ಮಾತ್ರ ಒಂದು ರೂಪಾಯಿಯೂ ಹೋಗಿಲ್ಲ.

ಈಗ ಗಡುವುಳ್ಳ ಕ್ರಮವನ್ನು ನೋಡೋಣ. ಹೋಲ್ಡಿನ ಅವಧಿ ಸಮಾರಂಭ ಎಷ್ಟು ದೂರವಿದೆಯೋ ಅದಕ್ಕೆ ತಕ್ಕಂತೆ ಇರಬೇಕು. ನಾನು ಸೂಚಿಸುವ ಅಳತೆ ಹೀಗಿದೆ: ಸಮಾರಂಭಕ್ಕೆ 180 ದಿನಗಳಿಗಿಂತ ಹೆಚ್ಚು ಕಾಲವಿದ್ದರೆ 10 ದಿನದ ಹೋಲ್ಡ್, 60ರಿಂದ 180 ದಿನಗಳಿದ್ದರೆ 7 ದಿನ, 30ರಿಂದ 59 ದಿನಗಳಿದ್ದರೆ 3 ದಿನ, ಅದಕ್ಕಿಂತ ಕಡಿಮೆಯಿದ್ದರೆ ಹೋಲ್ಡ್ ಇಲ್ಲ, ಹಣ ಕಟ್ಟಿದವರಿಗೆ ಭವನ. ಕಾರಣ ಸರಳ. ದೂರದ ದಿನಾಂಕ ಬಿಡುಗಡೆಯಾದರೆ ಮತ್ತೊಬ್ಬರು ಬರಲು ಸಮಯವಿರುತ್ತದೆ; ಹತ್ತಿರದ ದಿನಾಂಕವನ್ನು ವಾರಗಟ್ಟಲೆ ಹಿಡಿದಿಟ್ಟರೆ ಬಿಡುಗಡೆಯಾದಾಗ ಅದನ್ನು ಕೇಳುವವರೇ ಉಳಿದಿರುವುದಿಲ್ಲ.

ನಮ್ಮ ಉದಾಹರಣೆಯ ಕುಟುಂಬಕ್ಕೆ 7 ದಿನ. ಜನವರಿ 5ರಂದು ಅವರಿಗೆ ಸಂಖ್ಯೆಯುಳ್ಳ ಒಂದು ಚೀಟಿ ಸಿಗುತ್ತದೆ. ಅದರಲ್ಲಿ ನಾಲ್ಕು ಮಾತುಗಳು. ಮೇ 10ರ ದಿನ ಜನವರಿ 12ರ ಸೋಮವಾರ ಸಂಜೆ 5 ಗಂಟೆಯವರೆಗೆ ನಿಮ್ಮ ಹೆಸರಿನಲ್ಲಿದೆ. 35,400 ರೂಪಾಯಿ ಆ ಗಂಟೆಯೊಳಗೆ ಖಾತೆಗೆ ಜಮೆಯಾದರೆ ಬುಕಿಂಗ್ ಖಚಿತ. ಆಗದಿದ್ದರೆ ಯಾವ ತಿಳಿವಳಿಕೆ ಪತ್ರವೂ ಇಲ್ಲದೆ ಹೋಲ್ಡ್ ಮುಗಿಯುತ್ತದೆ. ನಡುವೆ ಬೇರೊಬ್ಬರು ಪೂರ್ತಿ ಮುಂಗಡದೊಡನೆ ಬಂದರೆ ನಿಮಗೆ 48 ಗಂಟೆಗಳ ಸೂಚನೆ ಕೊಡಲಾಗುವುದು. ಅಷ್ಟರೊಳಗೆ ನೀವು ಕಟ್ಟಬೇಕು ಇಲ್ಲವೇ ಬಿಡಬೇಕು.

ಈ ನಾಲ್ಕನೆಯ ಮಾತು ಮುಖ್ಯ. ಜನವರಿ 8ರ ಗುರುವಾರ ಸಂಜೆ 5 ಗಂಟೆಗೆ ಎರಡನೆಯ ಕುಟುಂಬ ಹಣ ಕಟ್ಟಲು ಸಿದ್ಧವಾಗಿ ಬಂದಿದೆ. ಅವರ ಹೆಸರನ್ನು ‘ಕಾಯುವವರು’ ಎಂದು ಅದೇ ವಹಿಯಲ್ಲಿ ಬರೆದು ಮೊದಲನೆಯವರಿಗೆ ಆಗಲೇ ಫೋನು ಮಾಡಿ, ಸಂದೇಶವನ್ನೂ ಕಳಿಸಲಾಗುತ್ತದೆ: ‘ಶನಿವಾರ ಸಂಜೆ 5ರೊಳಗೆ ಕಟ್ಟಿ.’ ಮೊದಲನೆಯವರು ನಿಜವಾಗಿ ಬೇಕಾದವರಾದರೆ ಕಟ್ಟುತ್ತಾರೆ, ಅವರಿಗೆ ಅನ್ಯಾಯವಾಗಲಿಲ್ಲ. ತೀರ್ಮಾನವಾಗದವರಾದರೆ ಬಿಡುತ್ತಾರೆ, ಎರಡನೆಯವರು ಎರಡು ದಿನದಲ್ಲಿ ಉತ್ತರ ಪಡೆಯುತ್ತಾರೆ. ಕಾಯುವವರು ಯಾರೂ ಇಲ್ಲದಿದ್ದರೆ ಮೊದಲನೆಯವರ ಏಳು ದಿನಗಳಿಗೆ ಯಾವ ಭಂಗವೂ ಇಲ್ಲ. ಅಂದರೆ, ಬೇಡಿಕೆ ಇಲ್ಲದ ಕಡೆ ಉದಾರತೆ, ಬೇಡಿಕೆ ಇರುವ ಕಡೆ ಕಟ್ಟುನಿಟ್ಟು. ಗಡುವು ಎಂದರೆ ನಿರ್ದಯತೆ ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಅವಧಿ ವಿಸ್ತರಣೆಯ ಪ್ರಶ್ನೆಗೂ ಇದೇ ಉತ್ತರ. ಕಾಯುವವರು ಇಲ್ಲದಿದ್ದರೆ ಒಮ್ಮೆ ಮಾತ್ರ, ಮೊದಲ ಅವಧಿಯಷ್ಟೇ ಕಾಲ ವಿಸ್ತರಿಸಬಹುದು. ಕಾಯುವವರಿದ್ದರೆ ಅಧ್ಯಕ್ಷರ ಮಗಳ ಮದುವೆಯಾದರೂ ಇಲ್ಲ.

ಎಲ್ಲಿ ಕೆಡುತ್ತದೆ

ನಿಯಮ ಬರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದು ಕೆಡುವ ಸ್ಥಳಗಳು ಗೊತ್ತಿರಬೇಕು.

ಮೊದಲನೆಯದು, ‘ಕಟ್ಟಿದೆ’ ಎಂಬ ಮಾತಿನ ಅರ್ಥ. ಗಡುವಿನ ದಿನ ಸಂಜೆ ಮೊಬೈಲಿನಲ್ಲಿ ಒಂದು ಚಿತ್ರ ಬರುತ್ತದೆ. ಹಣ ಕಳಿಸಿದ್ದರ ಚಿತ್ರ. ಆ ಚಿತ್ರ ಹಣವಲ್ಲ. ವರ್ಗಾವಣೆ ಬಾಕಿಯಿರಬಹುದು, ವಿಫಲವಾಗಿರಬಹುದು. ಖಾತೆಯ ಪಟ್ಟಿಯಲ್ಲಿ ಜಮೆ ಕಂಡರೆ ಮಾತ್ರ ಕಟ್ಟಿದಂತೆ. ಚೆಕ್ಕು ಕೊಟ್ಟರೆ ಅದು ನಗದಾದ ದಿನವೇ ಕಟ್ಟಿದ ದಿನ. ‘ಬ್ಯಾಂಕಿಗೆ ರಜೆಯಿತ್ತು’ ಎಂಬ ನೆವಕ್ಕೆ ಈಗ ಎಡೆಯಿಲ್ಲ. 2019ರ ಡಿಸೆಂಬರಿನಿಂದ ನೆಫ್ಟ್ ವರ್ಗಾವಣೆ ವಾರದ ಏಳು ದಿನವೂ ಇಪ್ಪತ್ನಾಲ್ಕು ಗಂಟೆಯೂ ನಡೆಯುತ್ತಿದೆ. ಆದರೆ ಗಡುವನ್ನು ಕಚೇರಿ ಮುಚ್ಚಿರುವ ದಿನಕ್ಕೆ ಇಡಬಾರದು. ಹಣ ಬಂದರೂ ನೋಡುವವರಿಲ್ಲದೆ, ಬಾರದಿದ್ದರೂ ಬಿಡುಗಡೆ ಮಾಡುವವರಿಲ್ಲದೆ ಆ ದಿನ ಗೊಂದಲದಲ್ಲಿ ಕಳೆಯುತ್ತದೆ.

ಎರಡನೆಯದು, ಅರ್ಧ ಕಟ್ಟಿದ ಹಣ. ನಮ್ಮ ಉದಾಹರಣೆಯಲ್ಲಿ ಕುಟುಂಬದವರು ‘ಬಾಡಿಗೆ 60,000, ಅದರ ಅರ್ಧ 30,000’ ಎಂದು ತಿಳಿದು ಅಷ್ಟನ್ನೇ ಕಳಿಸಿದರೆ? ಅವರ ಲೆಕ್ಕದಲ್ಲಿ ಕಟ್ಟಿದ್ದಾಗಿದೆ. ಭವನದ ಲೆಕ್ಕದಲ್ಲಿ 5,400 ಕಡಿಮೆ. ಸೇವೆಯ ಮುಂಗಡ ಕೈಸೇರಿದಾಗಲೇ ಜಿಎಸ್‌ಟಿ ಹೊಣೆ ಹುಟ್ಟುವುದರಿಂದ ಆ 30,000ವನ್ನು ತೆರಿಗೆಯೂ ಸೇರಿದ ಮೊತ್ತವೆಂದು ತಿಳಿದು ಒಡೆಯಬೇಕಾಗುತ್ತದೆ: 25,423.73 ಬಾಡಿಗೆಯ ಪಾಲು, 4,576.27 ತೆರಿಗೆಯ ಪಾಲು. ಇಂಥ ಜಗಳ ಬೇಡವೆಂದರೆ ಚೀಟಿಯಲ್ಲಿ ‘ಅರ್ಧ’ ಎಂದಾಗಲಿ ‘ಶೇಕಡಾ 50’ ಎಂದಾಗಲಿ ಬರೆಯದೆ ತೆರಿಗೆ ಸೇರಿದ ಪೂರ್ಣ ಅಂಕಿಯನ್ನೇ ಬರೆಯಬೇಕು.

ತೆರಿಗೆಯ ಬಗ್ಗೆ ಒಂದು ಮಾತು. ಬಸದಿಗೆ ಸೇರಿದ ಭವನಕ್ಕೆ ಜಿಎಸ್‌ಟಿ ಇಲ್ಲವೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ವಿನಾಯಿತಿ ಇರುವುದು ಆದಾಯ ತೆರಿಗೆ ಕಾನೂನಿನಡಿ ನೋಂದಾಯಿತವಾದ ಧರ್ಮಾರ್ಥ ಅಥವಾ ಧಾರ್ಮಿಕ ಟ್ರಸ್ಟು ಸಾರ್ವಜನಿಕರಿಗೆ ತೆರೆದ ಪೂಜಾಸ್ಥಳದ ಆವರಣವನ್ನು ಬಾಡಿಗೆಗೆ ಕೊಟ್ಟಾಗ. ಸಭಾಭವನ, ಕಲ್ಯಾಣಮಂಟಪಗಳ ದಿನದ ಬಾಡಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ಆ ವಿನಾಯಿತಿ ಅನ್ವಯಿಸದು. ಆದ್ದರಿಂದ ದೊಡ್ಡ ನಗರಗಳ ಬಹುತೇಕ ಭವನಗಳು ಹೊರಗುಳಿಯುತ್ತವೆ.

ಕೆಲವರು ‘ಹೋಲ್ಡಿಗೂ ಐದು ಸಾವಿರ ತೆಗೆದುಕೊಳ್ಳೋಣ’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ಹಣ ಬಾಡಿಗೆಯ ಭಾಗವಾದರೆ ಅದೇ ಮುಂಗಡ, ಅದರ ಮೇಲೂ ತೆರಿಗೆ, ರಸೀದಿ. ಹಿಂತಿರುಗಿಸುವ ಠೇವಣಿಯಾದರೆ ಬಾಡಿಗೆಗೆ ಹೊಂದಿಸಿಕೊಳ್ಳುವ ತನಕ ತೆರಿಗೆಯಿಲ್ಲ ನಿಜ. ಆದರೆ ನೂರಾರು ಸಣ್ಣ ಠೇವಣಿಗಳನ್ನು ಪಡೆದು ಹಿಂತಿರುಗಿಸುವ ಲೆಕ್ಕವನ್ನು ನಮ್ಮ ಕಚೇರಿಗಳು ನಿಭಾಯಿಸಲಾರವು. ಇನ್ನೂ ಮುಖ್ಯವಾಗಿ, ಐದು ಸಾವಿರ ಕೊಟ್ಟವರಿಗೆ ತಮ್ಮದೇ ದಿನವೆಂಬ ಭಾವನೆ ಹುಟ್ಟಿ ಗಡುವು ಮತ್ತಷ್ಟು ಸಡಿಲವಾಗುತ್ತದೆ. ಹಣವಿಲ್ಲದ, ಆದರೆ ಚಿಕ್ಕದಾದ ಹೋಲ್ಡೇ ಮೇಲು.

ಮೂರನೆಯದು, ಎರಡು ವಹಿಗಳು. ಕಚೇರಿಯಲ್ಲಿ ಒಂದು ದಿನಚರಿ, ಕಾರ್ಯದರ್ಶಿಯವರ ಮೊಬೈಲಿನಲ್ಲಿ ಇನ್ನೊಂದು ಪಟ್ಟಿ. ಒಂದೇ ದಿನವನ್ನು ಇಬ್ಬರಿಗೆ ಹೇಳಿರುವ ಪ್ರಸಂಗಗಳ ಮೂಲ ಬಹುತೇಕ ಇಲ್ಲಿರುತ್ತದೆ. ವಹಿ ಒಂದೇ ಇರಬೇಕು. ಟ್ರಸ್ಟಿಗಳೇ ಆಗಲಿ, ಸಂಖ್ಯೆಯುಳ್ಳ ಚೀಟಿಯಿಲ್ಲದೆ ಯಾವ ದಿನವನ್ನೂ ಹಿಡಿದಿಡಕೂಡದು. ಪೆನ್ಸಿಲ್ ಬೇಡ, ಹೋಲ್ಡನ್ನೂ ಶಾಯಿಯಲ್ಲೇ ಬರೆದು, ಮುಗಿದಾಗ ಗೀಟು ಹೊಡೆದು, ‘ಕಟ್ಟಿದರು’, ‘ಅವಧಿ ಮುಗಿಯಿತು’, ‘ತಾವೇ ಬಿಟ್ಟರು’ ಎಂಬ ಮೂರರಲ್ಲಿ ಒಂದನ್ನು ಬರೆಯಬೇಕು. ಅಳಿಸುವ ರಬ್ಬರು ಕಚೇರಿಯಲ್ಲಿ ಇರಲೇಬಾರದು.

ನಾಲ್ಕನೆಯದು, ಹೆಸರು ಬದಲಿಸಿ ಮತ್ತೆ ಹಿಡಿಯುವುದು. ತಂದೆಯ ಹೆಸರಿನ ಹೋಲ್ಡ್ ಮುಗಿದ ಮರುದಿನ ಸೋದರಮಾವನ ಹೆಸರಿನಲ್ಲಿ ಅದೇ ದಿನ. ಇದಕ್ಕೆ ಪರಿಹಾರವೆಂದರೆ ಹೋಲ್ಡನ್ನು ಕೇಳಿದವರ ಹೆಸರಿಗೆ ಕೊಡದೆ ಸಮಾರಂಭಕ್ಕೆ ಕೊಡುವುದು. ವಧೂವರರ ಹೆಸರು ಚೀಟಿಯಲ್ಲಿರಲಿ. ಒಂದು ಮದುವೆಗೆ ಒಮ್ಮೆಗೆ ಎರಡಕ್ಕಿಂತ ಹೆಚ್ಚು ದಿನಗಳಿಲ್ಲ. ಮುಗಿದ ದಿನವನ್ನು ಅದೇ ಮದುವೆಗೆ ಹಣ ಕಟ್ಟದೆ ಮತ್ತೆ ಹಿಡಿಯುವಂತಿಲ್ಲ.

ಐದನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು: ಟ್ರಸ್ಟಿನದೇ ಹೋಲ್ಡ್. ಮುನಿಗಳ ಚಾತುರ್ಮಾಸದ ಪ್ರವಚನ, ದಶಲಕ್ಷಣ ಪರ್ವ, ಮಹಾವೀರ ಜಯಂತಿ, ಇವುಗಳಿಗೆ ಭವನವನ್ನು ಮೊದಲೇ ಇಟ್ಟುಕೊಳ್ಳುವುದು ಸರಿ. ಅವು ಖಚಿತ ಬುಕಿಂಗ್‌ಗಳೇ. ಆದರೆ ‘ಸಮಾಜದ ಕಾರ್ಯಕ್ರಮ’ ಎಂಬ ಎರಡೇ ಪದಗಳಲ್ಲಿ ಮೇ ತಿಂಗಳ ಎರಡು ಭಾನುವಾರಗಳು ವರ್ಷದ ಮೊದಲೇ ಮುಚ್ಚಿಹೋಗಿ, ಏಪ್ರಿಲಿನಲ್ಲಿ ಯಾರೋ ಪರಿಚಿತರಿಗೆ ತೆರೆದುಕೊಳ್ಳುವುದನ್ನು ಏನೆಂದು ಕರೆಯಬೇಕು? ಟ್ರಸ್ಟಿನ ಹೋಲ್ಡಿಗೂ ಕಾರ್ಯಕ್ರಮದ ಹೆಸರು ಬೇಕು, ಬಿಡುಗಡೆಯ ದಿನ ಬೇಕು. ಬಿಡುಗಡೆಯಾದ ದಿನವನ್ನು ಸೂಚನಾ ಫಲಕದಲ್ಲಿ ಹಾಕಿ, ಮೊದಲು ಕೇಳಿದ ಕಾಯುವವರಿಗೇ ಕೊಡಬೇಕು. ಬೇಕಾದುದಕ್ಕಿಂತ ಹೆಚ್ಚನ್ನು ಹಿಡಿದಿಡಬಾರದೆಂಬ ವ್ರತವನ್ನು ಶ್ರಾವಕರಿಗೆ ಬೋಧಿಸುವ ವೇದಿಕೆಯ ವಹಿಯಲ್ಲಿಯೇ ಅಪರಿಮಿತ ಹೋಲ್ಡುಗಳು ಇರುವುದು ಶೋಭಿಸುವುದಿಲ್ಲ.

ಗಂಟೆ ಹೊಡೆದಾಗ

ಗಡುವಿನ ಕ್ರಮದಲ್ಲಿ ಬಿಡುಗಡೆ ಮಾಡುವ ವ್ಯಕ್ತಿ ಎಂಬುವರು ಇರಬಾರದು. ಕಾಲವೇ ಬಿಡುಗಡೆ ಮಾಡಬೇಕು. ಕಚೇರಿಯವರು ಆದದ್ದನ್ನು ಬರೆದುಕೊಳ್ಳುವವರು ಮಾತ್ರ. ಸಂಜೆ 5ಕ್ಕೆ ವ್ಯವಸ್ಥಾಪಕರು ಬ್ಯಾಂಕಿನ ಪಟ್ಟಿಯನ್ನು ತೆರೆಯುತ್ತಾರೆ. ಅಂದು ಮುಗಿಯುವ ಹೋಲ್ಡುಗಳನ್ನು ಒಂದೊಂದಾಗಿ ಅದರೊಡನೆ ತಾಳೆ ನೋಡುತ್ತಾರೆ. ಕಟ್ಟಿದ್ದಕ್ಕೆ ರಸೀದಿ, ಕಟ್ಟದ್ದಕ್ಕೆ ಗೀಟು. ಕಾಯುವವರಿಗೆ ಕೂಡಲೇ ಫೋನು. ಹಿಂದಿನ ದಿನ ಒಂದು ನೆನಪಿನ ಸಂದೇಶ ಕಳಿಸುವುದು ಸೌಜನ್ಯ. ಆದರೆ ನೆನಪಿಸದಿದ್ದರೂ ಹೋಲ್ಡ್ ಮುಗಿಯುತ್ತದೆ ಎಂದು ಚೀಟಿಯಲ್ಲಿ ಬರೆದಿರಬೇಕು. ಇಲ್ಲವಾದರೆ ‘ನೀವು ಫೋನೇ ಮಾಡಲಿಲ್ಲವಲ್ಲ’ ಎಂಬ ಮಾತಿನಿಂದ ಪ್ರತಿ ಗಡುವೂ ಮುರಿಯುತ್ತದೆ.

5 ಗಂಟೆ 20 ನಿಮಿಷಕ್ಕೆ ಹಣ ಬಂದರೆ? ಕಾಯುವವರಿಗೆ ಇನ್ನೂ ಹೇಳದಿದ್ದರೂ ನಿಯಮ ಒಂದೇ ಇರಲಿ. ಕಾಯುವವರಿದ್ದರೆ ಹಣವನ್ನು ಮರುದಿನವೇ ಹಿಂತಿರುಗಿಸಬೇಕು, ಪಡೆದ ಮುಂಗಡಕ್ಕೆ ರಸೀದಿ ಕೊಟ್ಟಿದ್ದರೆ ಹಿಂತಿರುಗಿಸಿದ್ದಕ್ಕೂ ಚೀಟಿ ಕೊಡಬೇಕು. ಕಾಯುವವರು ಇಲ್ಲದಿದ್ದರೆ ಅದನ್ನು ಹೊಸ ಕೋರಿಕೆಯೆಂದು ತಿಳಿದು ಸ್ವೀಕರಿಸಬಹುದು. ಗಂಟೆಯನ್ನು ಒಬ್ಬರಿಗೆ ಸಡಿಲಿಸಿದ ದಿನ ಪೆನ್ಸಿಲ್ ಹಿಂದಿನ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ.

ಕಟ್ಟಿದ ಮೇಲೆ ರದ್ದಾದರೆ ಏನೆಂಬ ಪ್ರಶ್ನೆಯೂ ಇದರ ಬೆನ್ನಿಗೇ ಬರುತ್ತದೆ. ಮುಂಗಡವನ್ನೆಲ್ಲ ಮುಟ್ಟುಗೋಲು ಹಾಕುವ ನಿಯಮ ಹಲವೆಡೆ ಇದೆ. ಕರಾರು ಕಾಯಿದೆಯ 74ನೆಯ ಕಲಮು ಯುಕ್ತ ಪರಿಹಾರವನ್ನು ಮಾತ್ರ ಒಪ್ಪುತ್ತದೆ. 1963ರ ಫತೇಚಂದ್ ಪ್ರಕರಣದಿಂದ 2015ರ ಕೈಲಾಶ್‌ನಾಥ್ ಪ್ರಕರಣದವರೆಗೆ ಸರ್ವೋಚ್ಚ ನ್ಯಾಯಾಲಯ ಇದೇ ತತ್ವವನ್ನು ಎತ್ತಿಹಿಡಿದಿದೆ. ಅದೇ ದಿನ ಮತ್ತೊಬ್ಬರಿಗೆ ಹೋದರೆ ಟ್ರಸ್ಟಿಗೆ ಆದ ನಷ್ಟವಾದರೂ ಏನು? ಆಗ ಸಣ್ಣ ಕಚೇರಿ ಖರ್ಚನ್ನು ಕಳೆದು ಉಳಿದುದನ್ನು ಹಿಂತಿರುಗಿಸಬೇಕು. ಭವನ ಖಾಲಿ ಉಳಿದರೆ ಉಳಿಸಿಕೊಳ್ಳುವ ಮೊತ್ತ ಹೆಚ್ಚಿರಬಹುದು. ಕಾಯುವವರ ಪಟ್ಟಿ ಇದ್ದರೆ ರದ್ದಾದ ದಿನ ಬೇಗ ಮತ್ತೊಬ್ಬರಿಗೆ ಹೋಗುತ್ತದೆ. ರದ್ದುಮಾಡಿದವರಿಗೂ ಅದರಿಂದ ಲಾಭ.

ವರ್ಷದ ಕೊನೆಗೆ ಈ ವಹಿಯನ್ನು ಪರಿಶೋಧಿಸುವುದು ಒಂದು ಮಧ್ಯಾಹ್ನದ ಕೆಲಸ. ಪ್ರತಿ ಹೋಲ್ಡಿನ ಆರಂಭ ಮತ್ತು ಅಂತ್ಯಗಳ ನಡುವಿನ ದಿನಗಳನ್ನು ಎಣಿಸಿದರೆ ಅವಧಿ ಮೀರಿದವು ಎಷ್ಟೆಂದು ತಿಳಿಯುತ್ತದೆ. ಫಲಿತಾಂಶದ ಅಂಕಣ ಖಾಲಿಯಿರುವ ಹೋಲ್ಡುಗಳು ಯಾರವು ಎಂದು ನೋಡಿದರೆ ಸಡಿಲಿಕೆ ಯಾರಿಗೆ ಸಿಕ್ಕಿತೆಂದು ತಿಳಿಯುತ್ತದೆ. ಖಾಲಿ ಉಳಿದ ಮುಹೂರ್ತದ ದಿನಗಳ ಎದುರು ಕಾಯುವವರ ಹೆಸರುಗಳಿದ್ದರೆ, ಅಲ್ಲಿಯವರೆಗೆ ಯಾವ ಖಾತೆಯಲ್ಲಿಯೂ ಕಾಣದಿದ್ದ ನಷ್ಟ ಮೊದಲ ಬಾರಿಗೆ ಅಂಕಿಯಾಗಿ ಕಾಣುತ್ತದೆ.

ಮುಂದಿನ ವಾರ್ಷಿಕ ಸಭೆಯಲ್ಲಿ ಓದುಗರು ತಮ್ಮ ಭವನದ ಪದಾಧಿಕಾರಿಗಳನ್ನು ಮೂರು ಪ್ರಶ್ನೆ ಕೇಳಲಿ. ಈಗ ಎಷ್ಟು ದಿನಾಂಕಗಳು ಹಣವಿಲ್ಲದೆ ಹಿಡಿದಿಡಲ್ಪಟ್ಟಿವೆ? ಅವುಗಳಲ್ಲಿ ಪ್ರತಿಯೊಂದೂ ಯಾವ ದಿನ, ಯಾವ ಗಂಟೆಗೆ ಬಿಡುಗಡೆಯಾಗುತ್ತದೆ? ಅವುಗಳಿಗಾಗಿ ಕಾಯುತ್ತಿರುವವರ ಹೆಸರುಗಳು ಎಲ್ಲಿ ಬರೆದಿವೆ? ಮೂರಕ್ಕೂ ಅಂಕಿಯಲ್ಲಿ ಉತ್ತರ ಬಂದರೆ ಆ ಭವನ ಸಮಾಜದ್ದು. ‘ಎಲ್ಲ ನಮ್ಮವರೇ, ಹೊಂದಿಸಿಕೊಂಡು ಹೋಗುತ್ತೇವೆ’ ಎಂಬ ಉತ್ತರ ಬಂದರೆ, ಆ ‘ನಮ್ಮವರು’ ಯಾರೆಂದು ನಾಲ್ಕನೆಯ ಪ್ರಶ್ನೆಯನ್ನು ಕೇಳಬೇಕಾಗುತ್ತದೆ.